ಒದ್ದೆ ಮಣ್ಣಿನಲ್ಲಿರುವ ಉಪ್ಪು

ಮಳೆ ನಿಂತು ಬಿಸಿಲೇರಿದ ದಿನಗಳಲ್ಲಿ ಪಶ್ಚಿಮ ಘಟ್ಟದ ಹಳ್ಳಗಳ ದಡದಲ್ಲಿ ಬ್ಲೂಬಾಟಲ್, ಕಾಮನ್ ಜೇ, ಎಮಿಗ್ರಂಟ್ ಜಾತಿಯ ಚಿಟ್ಟೆಗಳು ಒತ್ತೊತ್ತಾಗಿ ಕೂತು ಒದ್ದೆ ಮರಳನ್ನು ಹೀರುತ್ತವೆ. ಬಾಯಾರಿಕೆಯಷ್ಟೇ ಕಾರಣವಾಗಿದ್ದರೆ ಗಂಡು ಹೆಣ್ಣೆರಡೂ ಸಮನಾಗಿ ಬರಬೇಕಿತ್ತು. ಆದರೆ ಈ ಗುಂಪುಗಳಲ್ಲಿ ಹೆಚ್ಚಿನವು ಗಂಡುಗಳೇ. ಅಲ್ಲದೆ ಹಲವು ಚಿಟ್ಟೆಗಳು ಹೀರುತ್ತಿರುವಾಗಲೇ ಹಿಂಬದಿಯಿಂದ ತಿಳಿನೀರನ್ನು ಹನಿಹನಿಯಾಗಿ ಹೊರಹಾಕುತ್ತಿರುತ್ತವೆ. ನೀರನ್ನು ಸೋಸಿ ಬಿಟ್ಟು, ಅದರಲ್ಲಿ ಕರಗಿದ್ದನ್ನು ಉಳಿಸಿಕೊಳ್ಳುವ ಕ್ರಮವಿದು.

ಉಳಿಸಿಕೊಳ್ಳುವ ಮುಖ್ಯ ವಸ್ತು ಸೋಡಿಯಂ, ಅಂದರೆ ಅಡುಗೆ ಉಪ್ಪಿನಲ್ಲಿರುವ ಧಾತು. ಕಂಬಳಿಹುಳುವಾಗಿದ್ದಾಗ ಚಿಟ್ಟೆ ತಿನ್ನುವುದು ಎಲೆಯನ್ನು. ಎಲೆಯಲ್ಲಿ ಪೊಟ್ಯಾಸಿಯಂ ಧಾರಾಳ, ಸೋಡಿಯಂ ಬಹಳ ಕಡಿಮೆ. ನರ ಮತ್ತು ಸ್ನಾಯುಗಳ ಕೆಲಸಕ್ಕೆ ಸೋಡಿಯಂ ಬೇಕೇ ಬೇಕು, ಹೂವಿನ ಮಕರಂದದಲ್ಲೂ ಅದು ಸಾಕಷ್ಟು ಸಿಗದು. ಮೇಯುವ ದನ ಉಪ್ಪನ್ನು ಆಸೆಯಿಂದ ನೆಕ್ಕುವುದೂ ಇದೇ ಕೊರತೆಯಿಂದ. ದನದ ಗಂಜಲ ಬಿದ್ದ ನೆಲಕ್ಕೆ ಚಿಟ್ಟೆ ಮುತ್ತುವುದು ಅಲ್ಲಿ ಉಪ್ಪಿರುವ ಕಾರಣಕ್ಕೆ.

ಇದನ್ನು ಊಹೆಯಿಂದ ಹೇಳಿದ್ದಲ್ಲ. 1974ರಲ್ಲಿ ಅಮೆರಿಕದ ಟೈಗರ್ ಸ್ವಾಲೋಟೇಲ್ ಚಿಟ್ಟೆಗಳಿಗೆ ಬೇರೆ ಬೇರೆ ದ್ರಾವಣಗಳಲ್ಲಿ ನೆನೆಸಿದ ಮರಳನ್ನು ಇಟ್ಟು ನೋಡಿದಾಗ, ಅವನ್ನು ಕೂತು ಹೀರುವಂತೆ ಮಾಡಿದ್ದು ಸೋಡಿಯಂ ಎಂದು ಗೊತ್ತಾಯಿತು.

ಗಂಡಿಗೇ ಇಷ್ಟು ಉಪ್ಪು ಯಾಕೆ ಎಂಬುದು ಇನ್ನೂ ಸ್ವಾರಸ್ಯಕರ. ಇದಕ್ಕೆ ಸ್ಪಷ್ಟ ಉತ್ತರ ಸಿಕ್ಕಿದ್ದು ಚಿಟ್ಟೆಯ ನಂಟ ಪತಂಗವೊಂದರಲ್ಲಿ. ಉತ್ತರ ಅಮೆರಿಕದ ಗ್ಲುಫಿಸಿಯಾ ಪತಂಗವನ್ನು ಸ್ಕಾಟ್ ಸ್ಮೆಡ್ಲಿ ಮತ್ತು ಥಾಮಸ್ ಐಸ್ನರ್ 1990ರ ದಶಕದಲ್ಲಿ ಅಭ್ಯಾಸ ಮಾಡಿದರು. ಒಂದು ಗಂಡು ಮೂರು ಗಂಟೆಗೂ ಮೀರಿ ಕೊಚ್ಚೆನೀರು ಹೀರುತ್ತಲೇ ಇತ್ತು. ಅಷ್ಟರಲ್ಲಿ ಅದರ ಮೈಯಿಂದ ಹಾದುಹೋದ ನೀರು ಅದರ ತೂಕದ 600 ಪಟ್ಟಿಗೂ ಹೆಚ್ಚು. ಅಷ್ಟೂ ನೀರನ್ನು ಅದು ಸಣ್ಣ ಸಣ್ಣ ಚಿಮ್ಮುಗಳಾಗಿ ಹೊರಚೆಲ್ಲಿತು. ಕೂಡಿಟ್ಟ ಸೋಡಿಯಂನಲ್ಲಿ ಸುಮಾರು 10 ಮೈಕ್ರೋಗ್ರಾಂ, ಅಂದರೆ ಗಂಡಿನ ಮೈಯಲ್ಲಿದ್ದುದರ ಅರ್ಧಕ್ಕೂ ಹೆಚ್ಚು ಭಾಗ, ಕೂಡುವಾಗ ಹೆಣ್ಣಿಗೆ ಸೇರಿತು. ಹೆಣ್ಣು ಅದರ ದೊಡ್ಡ ಪಾಲನ್ನು ಮೊಟ್ಟೆಗಳಿಗೆ ಹಂಚಿತು. ಕೊಚ್ಚೆ ಹೀರಿದ ಗಂಡಿನ ಮೊಟ್ಟೆಗಳಲ್ಲಿ, ಹೀರದ ಗಂಡಿನವುಗಳಿಗಿಂತ ಎರಡರಿಂದ ನಾಲ್ಕು ಪಟ್ಟು ಸೋಡಿಯಂ ಇತ್ತು. ಮರಿಹುಳುಗಳು ತಿನ್ನುವ ಆಸ್ಪೆನ್ ಮರದ ಎಲೆಯಲ್ಲಿ ಸೋಡಿಯಂ ತೀರಾ ಕಡಿಮೆ. ತಂದೆಯಿಂದ ಬಂದ ಈ ಬುತ್ತಿ ಆ ಕೊರತೆಯನ್ನು ತುಂಬಿಕೊಡಬಲ್ಲದು.

ಎಲ್ಲ ಚಿಟ್ಟೆಗಳಿಗೂ ಇದೊಂದೇ ವಿವರಣೆ ಸಾಲದು. ಸಗಣಿ, ಸತ್ತ ಏಡಿ, ಕೊಳೆತ ಮೀನಿನ ಮೇಲೆ ಕೂರುವ ಜಾತಿಗಳಿಗೆ ಉಪ್ಪಿನ ಜೊತೆಗೆ ಸಾರಜನಕದ ಅಂಶವೂ ಬೇಕಿರುತ್ತದೆ. ಬೋರ್ನಿಯೋದ ಕಾಡಿನಲ್ಲಿ ಆಮಿಷವಿಟ್ಟು ನೋಡಿದಾಗ ಸ್ವಾಲೋಟೇಲ್ ಮತ್ತು ಬಿಳಿ-ಹಳದಿ ಚಿಟ್ಟೆಗಳ ಕುಟುಂಬಗಳು ಉಪ್ಪಿನ ಕಡೆ ವಾಲಿದವು. ಬೇರೆ ಕೆಲವು ಕುಟುಂಬಗಳು ಪ್ರೋಟೀನನ್ನು ಹೆಚ್ಚು ಅರಸಿದವು.