ಹತ್ತು ನಿಮಿಷ, ನಾಲ್ಕು ಎಲೆ

ನೆದರ್ಲೆಂಡ್ಸ್‌ನಲ್ಲಿ ಪಿಎಚ್‌.ಡಿ. ಪರೀಕ್ಷೆ ಗಡಿಯಾರದ ಮುಳ್ಳಿಗೆ ಕಟ್ಟಿದ ಕಾರ್ಯಕ್ರಮ. ಕಪ್ಪು ನಿಲುವಂಗಿ ತೊಟ್ಟ ಪ್ರಾಧ್ಯಾಪಕರು ಸಾಲಾಗಿ ಸಭಾಂಗಣಕ್ಕೆ ಬರುತ್ತಾರೆ. ಅವರ ಮುಂದೆ ಉದ್ದನೆಯ ದಂಡ ಹಿಡಿದು ನಡೆಯುವ ಅಧಿಕಾರಿಯನ್ನು ಪೆಡೆಲ್ ಎನ್ನುತ್ತಾರೆ. ಪ್ರಶ್ನೋತ್ತರಕ್ಕೆ ಸಾಮಾನ್ಯವಾಗಿ ಮುಕ್ಕಾಲು ಗಂಟೆ. ಅದು ಮುಗಿಯುತ್ತಿದ್ದಂತೆ ಪೆಡೆಲ್ ಮತ್ತೆ ಒಳಬಂದು ‘ಹೋರಾ ಎಸ್ಟ್’, ಅಂದರೆ ಸಮಯವಾಯಿತು, ಎಂದು ಲ್ಯಾಟಿನ್‌ನಲ್ಲಿ ಸಾರುತ್ತಾರೆ. ಅಭ್ಯರ್ಥಿಯ ಉತ್ತರ ಅರ್ಧಕ್ಕೆ ಬಂದಿದ್ದರೂ ಅಲ್ಲಿಗೆ ಸರಿ.

ಈ ಪ್ರಶ್ನೋತ್ತರಕ್ಕೂ ಮೊದಲು ಅಭ್ಯರ್ಥಿ ತನ್ನ ಸಂಶೋಧನೆಯನ್ನು ಸಾಮಾನ್ಯರಿಗೆ ತಿಳಿಸಿ ಹೇಳುವ ಒಂದು ಚಿಕ್ಕ ಮಾತು ಇರುತ್ತದೆ. ಡಚ್ಚರು ಅದನ್ನು ‘ಲೇಕನ್‌ಪ್ರಾಚೆ’ ಎನ್ನುತ್ತಾರೆ. ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ನಿಯಮ ಕೊಂಚ ಬೇರೆಯಾದರೂ ಹಲವು ಕಡೆ ಅದಕ್ಕೆ ಹತ್ತು ನಿಮಿಷ. ಎದುರಿಗೆ ಕೂತವರೋ, ಬಗೆಬಗೆಯ ಜನ. ಮುಂದಿನ ಸಾಲಿನಲ್ಲಿ ಪರೀಕ್ಷಕರು, ಅವರ ಹಿಂದೆ ಪ್ರಯೋಗಾಲಯದ ಗೆಳೆಯರು, ಇನ್ನೂ ಹಿಂದೆ ಮನೆ ಮಾಲೀಕರು, ಪಕ್ಕದ ಮನೆಯವರು, ಅಭ್ಯರ್ಥಿಯ ಅಪ್ಪ ಅಮ್ಮ. ಈಗ ಬಹಳ ಕಡೆ ನೇರ ಪ್ರಸಾರವೂ ಇರುವುದರಿಂದ ಊರಿನ ನೆಂಟರಿಷ್ಟರೂ ಮೊಬೈಲಿನಲ್ಲಿ ನೋಡುತ್ತಿರುತ್ತಾರೆ.

ಈ ಮಾತನ್ನು ಸಿದ್ಧಪಡಿಸುವವರು ಮೊದಲು ಎಡವುವುದು ಇದು ಯಾರಿಗಾಗಿ ಎಂಬಲ್ಲೇ. ಪರೀಕ್ಷಕರ ಮೇಲೆ ಕಣ್ಣಿಟ್ಟು ಬರೆಯುತ್ತಾರೆ. ಪರೀಕ್ಷಕರು ಮಹಾಪ್ರಬಂಧವನ್ನು ಓದಿ ಒಪ್ಪಿಗೆ ಕೊಟ್ಟು ತಿಂಗಳುಗಳಾಗಿರುತ್ತವೆ, ಅದು ಅಚ್ಚಾಗಿ ಅವರ ಕೈಯಲ್ಲೇ ಇರುತ್ತದೆ. ಅವರಿಗೆ ಸಾರಾಂಶದ ಅಗತ್ಯವಿಲ್ಲ. ಹತ್ತು ನಿಮಿಷ ಇರುವುದು ಹಿಂದಿನ ಸಾಲಿನವರಿಗೆ. ಇದನ್ನು ಒಪ್ಪಿಕೊಂಡರೆ ಪ್ರಬಂಧದ ಐದು ಅಧ್ಯಾಯಗಳನ್ನು ತಲಾ ಎರಡು ನಿಮಿಷದಂತೆ ಹಂಚುವ ಯೋಚನೆ ತಾನಾಗಿಯೇ ಬಿದ್ದುಹೋಗುತ್ತದೆ. ಹಾಗೆ ಹಂಚಿದ ಮಾತಿನಲ್ಲಿ ಪ್ರತಿ ಅಧ್ಯಾಯವೂ ಪೀಠಿಕೆಯಲ್ಲೇ ನಿಂತುಬಿಡುತ್ತದೆ, ಒಂದೂ ಮುಗಿಯುವುದಿಲ್ಲ.

ಒಂದು ಪ್ರಬಂಧವನ್ನು ಕಲ್ಪಿಸಿಕೊಂಡು ಮಾತು ಕಟ್ಟಿ ನೋಡೋಣ. ಹಾಸನದ ಹುಡುಗಿಯೊಬ್ಬಳು ವಾಗೆನಿಂಗನ್ ವಿಶ್ವವಿದ್ಯಾಲಯದಲ್ಲಿ ಆಲೂಗೆಡ್ಡೆಯ ಅಂಗಮಾರಿ ರೋಗದ ಮೇಲೆ ಕೆಲಸ ಮಾಡಿದ್ದಾಳೆ ಎಂದುಕೊಳ್ಳಿ. ಅಂಗಮಾರಿ ಎರಡೂ ಊರಿಗೆ ಪರಿಚಿತ. ಪಂಜಾಬಿನ ಜಲಂಧರದಿಂದ ಬಿತ್ತನೆ ಗೆಡ್ಡೆ ತರಿಸಿ ನೆಡುವ ಹಾಸನದ ರೈತರಿಗೆ ಮೋಡ, ಜಿಟಿಜಿಟಿ ಮಳೆ, ತಂಪು ಒಟ್ಟಿಗೆ ಬಂದರೆ ಎದೆ ಢವಗುಟ್ಟುತ್ತದೆ. ಡಚ್ ರೈತರು ಇದೇ ರೋಗಕ್ಕೆ ಹೆದರಿ ಒಂದು ಬೆಳೆಗೆ ಹತ್ತಕ್ಕೂ ಹೆಚ್ಚು ಸಲ ಔಷಧ ಹೊಡೆಯುವುದುಂಟು. 1845ರಲ್ಲಿ ಐರ್ಲೆಂಡಿನ ಬೆಳೆಯನ್ನು ಕೊಳೆಸಿ ದೊಡ್ಡ ಬರಗಾಲ ತಂದದ್ದೂ ಇದೇ ರೋಗ.

ಅವಳ ಪ್ರಬಂಧದಲ್ಲಿ ರೋಗಾಣುವಿನ ಪ್ರೋಟೀನುಗಳಿವೆ, ಮೆಕ್ಸಿಕೋದ ಕಾಡು ಆಲೂಗೆಡ್ಡೆಯಿಂದ ಬಂದ ರೋಗನಿರೋಧಕ ಜೀನುಗಳಿವೆ, ರೋಗಾಣುವಿನ ಹತ್ತಾರು ತಳಿಗಳ ಹೋಲಿಕೆಯಿದೆ, ಹೊಲದ ಪ್ರಯೋಗವಿದೆ. ಇವುಗಳಲ್ಲಿ ಯಾವುದನ್ನು ಇಟ್ಟುಕೊಳ್ಳುವುದು? ಸ್ಲೈಡು ತೆರೆಯುವ ಮೊದಲು ಒಂದು ಪ್ರಶ್ನೆಯನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ವಿಷಯ ತಿಳಿಯದವರೂ ಕೇಳಬಹುದಾದ ಪ್ರಶ್ನೆ ಅದಾಗಿರಬೇಕು. ಇಲ್ಲಿ ಅದು: ರೋಗ ತಡೆಯುವ ತಳಿ ಕೆಲವೇ ವರ್ಷಗಳಲ್ಲಿ ಯಾಕೆ ಸೋಲುತ್ತದೆ? ಈ ಪ್ರಶ್ನೆಗೆ ನೇರ ಉತ್ತರ ಕೊಡದ ಅಧ್ಯಾಯ ಎಷ್ಟೇ ಬೆವರು ಸುರಿಸಿ ಬರೆದದ್ದಾದರೂ ಹತ್ತು ನಿಮಿಷದೊಳಗೆ ಬರಕೂಡದು. ಇದು ಕಷ್ಟದ ಕೆಲಸ. ಎರಡು ವರ್ಷ ತಿಂದ ಅಧ್ಯಾಯವನ್ನೇ ಕೈಬಿಡಬೇಕಾಗಿ ಬರಬಹುದು. ಆ ಅಧ್ಯಾಯದ ಬಗ್ಗೆ ಪರೀಕ್ಷಕರು ಹೇಗೂ ಕೇಳುತ್ತಾರೆ.

ಇನ್ನು ಮಾತಿನ ನಡುಭಾಗ. ಈ ವಿಭಾಗದಲ್ಲಿ ದಿನನಿತ್ಯ ನಡೆಯುವ ಪ್ರಯೋಗ ಹೀಗಿರುತ್ತದೆ. ಗಿಡದಿಂದ ಎಲೆ ಕಿತ್ತು ಟ್ರೇಯಲ್ಲಿ ತೊಟ್ಟು ಒಣಗದಂತೆ ಇಡುತ್ತಾರೆ. ಎಲೆಯ ತಳಭಾಗದ ಮೇಲೆ ರೋಗಾಣು ಬೆರೆಸಿದ ನೀರಿನ ಒಂದು ಸಣ್ಣ ಹನಿ ಬಿಡುತ್ತಾರೆ. ಟ್ರೇ ಮುಚ್ಚಿ ತಂಪಿನಲ್ಲಿಟ್ಟು ಐದಾರು ದಿನ ಕಳೆದ ಮೇಲೆ ಕಪ್ಪು ಮಚ್ಚೆ ಎಷ್ಟು ಮಿಲಿಮೀಟರ್ ಹಬ್ಬಿತು ಎಂದು ಅಳೆಯುತ್ತಾರೆ. ಪ್ರಬಂಧದಲ್ಲಿ ಈ ಅಳತೆಗಳೆಲ್ಲ ಸೇರಿ ಒಂದು ಪುಟದ ಗ್ರಾಫ್ ಆಗಿರುತ್ತದೆ. ಅಡ್ಡಕ್ಕೆ ರೋಗಾಣುವಿನ ತಳಿಗಳು, ಉದ್ದಕ್ಕೆ ಮಿಲಿಮೀಟರ್, ಬಣ್ಣಬಣ್ಣದ ಕಂಬಗಳು, ಇರುವೆ ಗಾತ್ರದ ಅಕ್ಷರ. ಅದನ್ನು ಹಾಗೇ ಸ್ಲೈಡಿಗೆ ಅಂಟಿಸುವುದು ಬಹುತೇಕರು ಮಾಡುವ ತಪ್ಪು. ಕಾಗದದ ಮೇಲೆ ಓದುವವರು ಬೇಕಾದಷ್ಟು ಹೊತ್ತು ನೋಡಬಹುದು. ಸಭೆಯಲ್ಲಿ ಕೂತವರಿಗೆ ಸಿಗುವುದು ಅರ್ಧ ನಿಮಿಷ.

ಗ್ರಾಫಿನ ಬದಲು ನಾಲ್ಕು ಎಲೆಗಳ ಫೋಟೊ ಸಾಕು, ಒಂದೊಂದಾಗಿ ತೆರೆದುಕೊಳ್ಳುವಂತೆ. ಮೊದಲನೆಯದು ಸಾಮಾನ್ಯ ತಳಿಯ ಎಲೆ, ಅರ್ಧಕ್ಕರ್ಧ ಕಪ್ಪಾಗಿದೆ. ಎರಡನೆಯದು ಕಾಡು ಆಲೂಗೆಡ್ಡೆಯ ಒಂದು ಜೀನ್ ಇರುವ ಎಲೆ, ಹನಿ ಬಿದ್ದಲ್ಲಿ ಸೂಜಿಮೊನೆಯಷ್ಟು ಕಂದು ಚುಕ್ಕೆ ಮಾತ್ರ. ಮೂರನೆಯದೂ ಅದೇ ಜೀನ್ ಇರುವ ಎಲೆಯೇ, ಆದರೆ ಬಿಟ್ಟದ್ದು ರೋಗಾಣುವಿನ ಬೇರೊಂದು ತಳಿ. ಎಲೆ ಮತ್ತೆ ಕಪ್ಪು. ಇಲ್ಲಿ ಮಾತು ನಿಲ್ಲಿಸಿ ಎರಡು ಸೆಕೆಂಡು ಸುಮ್ಮನಿದ್ದರೆ ‘ಯಾಕೆ’ ಎಂಬ ಪ್ರಶ್ನೆ ಸಭೆಯೊಳಗೇ ಹುಟ್ಟುತ್ತದೆ. ನಾಲ್ಕನೆಯದರಲ್ಲಿ ಎರಡು ಜೀನುಗಳು ಒಟ್ಟಿಗಿವೆ. ರೋಗಾಣು ಆ ಎರಡನೆಯ ತಳಿಯದೇ ಆದರೂ ಬರಿಯ ಚುಕ್ಕೆ.

ಮೂರನೆಯ ಎಲೆಯ ‘ಯಾಕೆ’ಗೆ ಉತ್ತರ ಕೊಡಲು ಒಂದು ಹೋಲಿಕೆ ಬೇಕಾಗುತ್ತದೆ. ಜೀನ್ ಮನೆಬಾಗಿಲಿನ ಕಾವಲುಗಾರನಂತೆ ಎನ್ನಬಹುದು. ಅವನಿಗೆ ಗೊತ್ತಿರುವುದು ಒಬ್ಬ ಕಳ್ಳನ ಒಂದೇ ಮುಖ. ಕಳ್ಳ ಮುಖ ಬದಲಿಸಿ ಬಂದರೆ ಒಳಗೆ ಬಿಟ್ಟುಬಿಡುತ್ತಾನೆ. ವಿಜ್ಞಾನದ ಮಟ್ಟಿಗೂ ಇದು ಸರಿಯಾದ ಮಾತು, ರೋಗಾಣುವಿನ ಒಂದು ಪ್ರೋಟೀನನ್ನು ಗಿಡದ ಒಂದು ಪ್ರೋಟೀನು ಗುರುತಿಸುವುದೇ ಇಲ್ಲಿನ ವ್ಯವಹಾರ. ಹೋಲಿಕೆ ಒಳ್ಳೆಯದೋ ಅಲ್ಲವೋ ಎಂದು ತಿಳಿಯಲು ನನಗೆ ಗೊತ್ತಿರುವ ಪರೀಕ್ಷೆ ಒಂದೇ: ಕೇಳಿದವರು ಅದನ್ನು ಮುಂದುವರಿಸಿದಾಗ ಎಲ್ಲಿಗೆ ಹೋಗುತ್ತಾರೆ? ‘ಹಾಗಾದರೆ ಇಬ್ಬರು ಕಾವಲುಗಾರರನ್ನು ಇಡಬಾರದೇ?’ ಎಂದರೆ ಅವರು ನಾಲ್ಕನೆಯ ಎಲೆಗೇ ಬಂದು ನಿಂತಿರುತ್ತಾರೆ. ಅದರ ಬದಲು ‘ಗಿಡಕ್ಕೆ ಲಸಿಕೆ ಹಾಕಿದ ಹಾಗೆ’ ಎಂದಿದ್ದರೆ, ಗಿಡಕ್ಕೆ ಒಮ್ಮೆ ರೋಗ ತಗುಲಿ ಪಾಠ ಕಲಿಯುತ್ತದೆ ಎಂದು ಅವರು ತಿಳಿಯುತ್ತಾರೆ. ಅದು ತಪ್ಪು ದಾರಿ. ಆ ಜೀನ್ ಹುಟ್ಟಿನಿಂದಲೇ ಗಿಡದಲ್ಲಿರುತ್ತದೆ.

ಪರೀಕ್ಷಕರಿಗಾಗಿ ಬರೆಯಬೇಡಿ ಎಂದೆನಲ್ಲ, ಅವರನ್ನು ಮರೆತೇ ಬರೆಯಿರಿ ಎಂದು ಅದರ ಅರ್ಥವಲ್ಲ. ಸಾಮಾನ್ಯರಿಗೆ ಹೇಳುವಾಗ ಕಡಿಮೆ ಹೇಳಬಹುದು, ಸುಳ್ಳು ಹೇಳಬಾರದು. ಅಂಗಮಾರಿ ತರುವ ಜೀವಿಯನ್ನು ಊರಲ್ಲಿ ಎಲ್ಲರೂ ಶಿಲೀಂಧ್ರ ಎನ್ನುತ್ತಾರೆ, ಎಲೆಯಡಿ ಬಿಳಿ ಬೂಷ್ಟು ಕಾಣುವುದರಿಂದ ಹಾಗನ್ನಿಸುವುದು ಸಹಜ. ವಂಶದ ಲೆಕ್ಕದಲ್ಲಿ ಅದು ಶಿಲೀಂಧ್ರವಲ್ಲ, ಕೆಲವು ಪಾಚಿಗಳಿಗೆ ಹತ್ತಿರದ ಜೀವಿ. ಅಭ್ಯರ್ಥಿ ಸಲೀಸಾಗಿರಲಿ ಎಂದು ‘ಈ ಶಿಲೀಂಧ್ರ’ ಎಂದುಬಿಟ್ಟರೆ ಮೊದಲ ಪ್ರಶ್ನೆ ಅಲ್ಲಿಂದಲೇ ಬರಬಹುದು. ‘ಶಿಲೀಂಧ್ರದಂತೆ ಕಾಣುವ ಜೀವಿ’ ಎಂದರೆ ಆಯಿತು, ಹಿಂದಿನ ಸಾಲಿಗೂ ಅರ್ಥ, ಮುಂದಿನ ಸಾಲಿಗೂ ಸಮಾಧಾನ. ಮಾತು ಬರೆದು ಮುಗಿದ ಮೇಲೆ ಇಂಥ ಪ್ರತಿ ಪದದ ಕೆಳಗೂ ಗೆರೆ ಎಳೆದು ಮಾರ್ಗದರ್ಶಕರಿಗೆ ತೋರಿಸುವುದು ಒಳ್ಳೆಯದು. ಅವರನ್ನು ಕೇಳಬೇಕಾದದ್ದು ‘ಇನ್ನೇನು ಸೇರಿಸಲಿ’ ಎಂದಲ್ಲ, ‘ಇದರಲ್ಲಿ ತಪ್ಪು ಯಾವುದು’ ಎಂದು. ಮೊದಲ ಪ್ರಶ್ನೆ ಕೇಳಿದರೆ ಹತ್ತು ನಿಮಿಷ ಇಪ್ಪತ್ತಾಗುವುದು ಖಂಡಿತ.

ಅದೇ ರೀತಿ ಮಿತಿಯನ್ನೂ ಅಭ್ಯರ್ಥಿಯೇ ಹೇಳಿಬಿಡಬೇಕು. ಕಿತ್ತ ಎಲೆ ಹೊಲವಲ್ಲ. ಎರಡು ಜೀನುಗಳನ್ನೂ ದಾಟುವ ರೋಗಾಣು ನಾಳೆ ಬರಬಹುದು. ಕಾಡು ಆಲೂಗೆಡ್ಡೆಯಿಂದ ಹಿಂದೆ ತಂದ ನಿರೋಧಕ ಜೀನುಗಳು ಒಂದೊಂದಾಗಿ ಸೋತ ಇತಿಹಾಸವೇ ಇದೆ. ಇದಕ್ಕೆ ಎರಡು ವಾಕ್ಯ ಸಾಕು, ಆದರೆ ಆ ಎರಡು ವಾಕ್ಯ ಇಲ್ಲದ ಮಾತು ಜಾಹೀರಾತಿನಂತೆ ಕೇಳಿಸುತ್ತದೆ.

ಗಡಿಯಾರದ ಲೆಕ್ಕ ನೋಡೋಣ. ಇಂಗ್ಲಿಷಿನಲ್ಲಿ ನಿಧಾನವಾಗಿ, ಎಲ್ಲರಿಗೂ ತಿಳಿಯುವಂತೆ ಮಾತಾಡಿದರೆ ನಿಮಿಷಕ್ಕೆ ಸುಮಾರು 120 ಪದ. ಹತ್ತು ನಿಮಿಷಕ್ಕೆ 1200 ಆಗುತ್ತದೆಂದು ಅಷ್ಟೂ ಬರೆಯಬಾರದು. ಸ್ಲೈಡು ಬದಲಿಸಲು, ಎಲೆ ತೋರಿಸಿ ನಿಲ್ಲಲು, ನೀರು ಗುಟುಕರಿಸಲು ಹೊತ್ತು ಬೇಕು. ಸಾವಿರ ಪದಕ್ಕೆ ಕೈ ಬಿಗಿ ಹಿಡಿಯುವುದು ಕ್ಷೇಮ. ರೋಗಕ್ಕೆ ಮೂರು ನಿಮಿಷ, ಜೀನ್ ಮತ್ತು ಕಾವಲುಗಾರನಿಗೆ ಎರಡು, ನಾಲ್ಕು ಎಲೆಗಳಿಗೆ ಮೂರು, ಮಿತಿಗೆ ಮತ್ತು ರೈತರಿಗೆ ಇದರಿಂದ ಏನು ಎಂಬುದಕ್ಕೆ ಒಂದು. ಉಳಿದ ಒಂದು ನಿಮಿಷ ಖಾಲಿ ಇರಲಿ, ಅದು ಹೇಗೂ ಖರ್ಚಾಗುತ್ತದೆ. ಆರೇಳು ಸ್ಲೈಡು ಸಾಕು. ‘ಇಂದಿನ ಮಾತಿನ ರೂಪರೇಷೆ’ ಎಂಬ ಸ್ಲೈಡು ಹತ್ತು ನಿಮಿಷದ ಮಾತಿಗೆ ಬೇಡವೇ ಬೇಡ. ಕೃತಜ್ಞತೆಯ ಪಟ್ಟಿಯೂ ಬೇಡ, ಅದು ಅಚ್ಚಾದ ಪ್ರಬಂಧದಲ್ಲೇ ಇರುತ್ತದೆ. ಮೊದಲ ಸ್ಲೈಡು ರೋಗ ಬಿದ್ದ ಹೊಲದ ಫೋಟೊ ಆಗಿರಲಿ. ಅಭ್ಯರ್ಥಿಯ ಅಮ್ಮನಿಗೆ ಇಂಗ್ಲಿಷು ಬರದಿದ್ದರೂ ಆ ಹೊಲ ಅರ್ಥವಾಗುತ್ತದೆ.

ಅಭ್ಯಾಸವನ್ನು ಪ್ರಯೋಗಾಲಯದ ಗೆಳೆಯರೆದುರು ಮಾಡುವುದು ರೂಢಿ. ಅವರಿಗೆ ವಿಷಯ ಮೊದಲೇ ಗೊತ್ತಿರುವುದರಿಂದ ಮಾತು ಎಲ್ಲಿ ಮುಗ್ಗರಿಸುತ್ತದೆ ಎಂಬುದು ಅವರಿಗೆ ಕಾಣುವುದಿಲ್ಲ. ಹೊರಗಿನವರೊಬ್ಬರು ಬೇಕು. ‘ಅರ್ಥವಾಯಿತಾ’ ಎಂದು ಕೇಳಿದರೆ ಎಲ್ಲರೂ ಹೂಂ ಎನ್ನುತ್ತಾರೆ. ಮಾರನೆಯ ದಿನ ಫೋನ್ ಮಾಡಿ ‘ನಿನ್ನೆ ನಾನು ಏನು ಹೇಳಿದೆ, ಹೇಳಿ ನೋಡೋಣ’ ಎನ್ನಬೇಕು. ಅವರ ಬಾಯಲ್ಲಿ ಬಂದದ್ದೇ ಅಭ್ಯರ್ಥಿ ನಿಜವಾಗಿ ಆಡಿದ ಮಾತು. ಮೂರನೆಯ ಎಲೆ ಅವರ ನೆನಪಿನಲ್ಲಿಲ್ಲದಿದ್ದರೆ ತಿದ್ದಬೇಕಾದದ್ದು ಅಲ್ಲಿ, ಮೊದಲ ಎಲೆಯ ಹತ್ತಿರ ಅಲ್ಲ.

ನಮ್ಮಲ್ಲೂ ಪಿಎಚ್‌.ಡಿ. ವೈವಾ ಬಾಗಿಲು ಮುಚ್ಚಿ ನಡೆಯುವಂಥದ್ದಲ್ಲ. ವಿಭಾಗದ ವಿದ್ಯಾರ್ಥಿಗಳು ಬರುತ್ತಾರೆ, ಮನೆಯವರೂ ಹಾರ ಹಿಡಿದು ಬಂದಿರುತ್ತಾರೆ. ಆದರೆ ಮಾತು ಸಾಮಾನ್ಯವಾಗಿ ಅಧ್ಯಾಯದಿಂದ ಅಧ್ಯಾಯಕ್ಕೆ, ಪೂರ್ತಿ ಪರೀಕ್ಷಕರ ಕಡೆ ಮುಖ ಮಾಡಿ ಸಾಗುತ್ತದೆ. ಹಾಸನದಿಂದ ಬಸ್ಸು ಹತ್ತಿ ಬಂದ ಅಪ್ಪ ಅಮ್ಮ ಕೊನೆಯ ಚಪ್ಪಾಳೆಗೆ ಕಾದು ಕೂತಿರುತ್ತಾರೆ. ವೈವಾ ಶುರುವಾಗುವ ಮೊದಲ ಹತ್ತು ನಿಮಿಷವನ್ನು ಅಂಥವರಿಗಾಗಿ, ಕನ್ನಡದಲ್ಲಿ ಮೀಸಲಿಡಲು ನಮ್ಮ ವಿಶ್ವವಿದ್ಯಾಲಯಗಳ ವಿಭಾಗಗಳು ಮನಸ್ಸು ಮಾಡಬೇಕು. ಇದಕ್ಕೆ ಹೊಸ ಹಣವೂ ಬೇಡ, ಹೊಸ ಹುದ್ದೆಯೂ ಬೇಡ.