ವಿಚ್ ಮತ್ತು ದಟ್ (ಇಂಗ್ಲಿಷ್ ವ್ಯಾಕರಣ)

ವಿಚ್ ಮತ್ತು ದಟ್ ಇಂಗ್ಲಿಷ್ ಭಾಷೆಯ ಸಂಬಂಧಸೂಚಕ ಸರ್ವನಾಮಗಳು. ಇವು ವಸ್ತುವಾಚಕ ನಾಮಪದದ ಅನಂತರ ಬಂದು, ಅದನ್ನು ವಿವರಿಸುವ ಉಪವಾಕ್ಯವನ್ನು ಆರಂಭಿಸುತ್ತವೆ. ವಾಣಿಜ್ಯ ಪತ್ರಗಳಲ್ಲಿ ಇವುಗಳ ಆಯ್ಕೆ ಹಾಗೂ ವಿಚ್ ಪದದ ಹಿಂದಿನ ಅಲ್ಪವಿರಾಮವು ವಾಕ್ಯದ ಅರ್ಥವನ್ನೇ ಬದಲಿಸಬಲ್ಲವು.

ಎರಡು ಬಗೆಯ ಉಪವಾಕ್ಯಗಳು

ಹಲವು ವಸ್ತುಗಳಲ್ಲಿ ಯಾವುದರ ಬಗೆಗೆ ಮಾತು ಎಂಬುದನ್ನು ಗುರುತಿಸುವ ಉಪವಾಕ್ಯವು ನಿರ್ಬಂಧಕವೆನಿಸುತ್ತದೆ. ಇದಕ್ಕೆ ಅಲ್ಪವಿರಾಮವಿಲ್ಲ. ಈಗಾಗಲೇ ಗುರುತಾಗಿರುವ ವಸ್ತುವಿನ ಕುರಿತು ಹೆಚ್ಚಿನ ಮಾಹಿತಿಯನ್ನಷ್ಟೇ ನೀಡುವ ಉಪವಾಕ್ಯವು ಅನಿರ್ಬಂಧಕ. ಇದು ವಿಚ್ ಪದದಿಂದ ಆರಂಭವಾಗುತ್ತದೆ. ಅದರ ಹಿಂದೆ ಅಲ್ಪವಿರಾಮ ಅಗತ್ಯ. ಉಪವಾಕ್ಯವು ವಾಕ್ಯದ ನಡುವೆ ಬಂದರೆ ಅದರ ಕೊನೆಯಲ್ಲಿಯೂ ಅಲ್ಪವಿರಾಮ ಬೇಕು.

ಉದಾಹರಣೆ

ಒಂದು ಸಂಸ್ಥೆಯು ಗ್ರಾಹಕನೊಬ್ಬನಿಗೆ 40 ಪಂಪುಗಳನ್ನು ಮಾರಿದೆ ಎಂದು ಭಾವಿಸಬಹುದು. ಅವುಗಳಲ್ಲಿ 25ಕ್ಕೆ ಮಾತ್ರ ವಾರಂಟಿ ಉಳಿದಿದೆ. ಸಂಸ್ಥೆಯ ಪತ್ರದಲ್ಲಿ ಹೀಗಿದೆ:

ದಿ ಪಂಪ್ಸ್ ದಟ್ ಆರ್ ಅಂಡರ್ ವಾರಂಟಿ ವಿಲ್ ಬಿ ರಿಪೇರ್ಡ್ ಫ್ರೀ.

ಇಲ್ಲಿ ಉಚಿತ ದುರಸ್ತಿ 25 ಪಂಪುಗಳಿಗೆ ಸೀಮಿತ. ಅದೇ ವಾಕ್ಯವನ್ನು ಹೀಗೆ ಬರೆದರೆ:

ದಿ ಪಂಪ್ಸ್, ವಿಚ್ ಆರ್ ಅಂಡರ್ ವಾರಂಟಿ, ವಿಲ್ ಬಿ ರಿಪೇರ್ಡ್ ಫ್ರೀ.

ಈಗ 40 ಪಂಪುಗಳಿಗೂ ವಾರಂಟಿ ಇದೆ, ಎಲ್ಲವೂ ಉಚಿತವಾಗಿ ದುರಸ್ತಿಯಾಗುತ್ತವೆ ಎಂದಾಗುತ್ತದೆ. ಉಳಿದ 15 ಪಂಪುಗಳ ವೆಚ್ಚದ ಕುರಿತು ವಿವಾದ ಹುಟ್ಟಲು ಎರಡು ಅಲ್ಪವಿರಾಮಗಳು ಸಾಕು.

ಸರಿಯಾದ ರೂಪವನ್ನು ತಿಳಿಯಲು ಉಪವಾಕ್ಯವನ್ನು ತೆಗೆದು ಓದಬೇಕು. ಉಳಿಯುವುದು “ಪಂಪುಗಳನ್ನು ಉಚಿತವಾಗಿ ದುರಸ್ತಿ ಮಾಡಲಾಗುವುದು” ಎಂಬ ಮಾತು. ಬರೆಯುವವರ ಉದ್ದೇಶ 25 ಪಂಪುಗಳಷ್ಟೇ ಆಗಿದ್ದರೆ ಈ ಮಾತು ಸುಳ್ಳಾಗುತ್ತದೆ. ಆದ್ದರಿಂದ ಉಪವಾಕ್ಯವು ನಿರ್ಬಂಧಕ, ಅಲ್ಪವಿರಾಮ ಸಲ್ಲದು.

ಬಳಕೆಯ ಭೇದಗಳು

ನಿರ್ಬಂಧಕಕ್ಕೆ ದಟ್, ಅನಿರ್ಬಂಧಕಕ್ಕೆ ವಿಚ್ ಎಂಬ ವಿಂಗಡಣೆಯನ್ನು ಎಚ್. ಡಬ್ಲ್ಯೂ. ಫೌಲರ್ 1926ರಲ್ಲಿ ಪ್ರಕಟವಾದ ತಮ್ಮ ಇಂಗ್ಲಿಷ್ ಬಳಕೆಯ ನಿಘಂಟಿನಲ್ಲಿ ಸಮರ್ಥಿಸಿದರು. ಹೆಚ್ಚಿನ ಲೇಖಕರು ಅದನ್ನು ಪಾಲಿಸುತ್ತಿಲ್ಲವೆಂದೂ ಒಪ್ಪಿಕೊಂಡರು. ಅಮೆರಿಕದ ಸಂಪಾದಕರಲ್ಲಿ ಈ ವಿಂಗಡಣೆ ಹೆಚ್ಚು ರೂಢಿಯಲ್ಲಿದೆ. ಬ್ರಿಟಿಷ್ ಬಳಕೆಯಲ್ಲಿ ಅಲ್ಪವಿರಾಮವಿಲ್ಲದ ವಿಚ್ ಸಹ ನಿರ್ಬಂಧಕವಾಗಿ ಸರಿಯೇ. ಆದರೆ ಅಲ್ಪವಿರಾಮವು ಮರೆತುಹೋಗಿದೆಯೇ ಎಂಬ ಸಂದೇಹಕ್ಕೆ ಅದು ಎಡೆಕೊಡಬಹುದು. ಕರಾರಿನಲ್ಲಿ ದಟ್ ಬಳಸಿದರೆ ಆ ಸಂದೇಹವಿರದು. ‘ಇನ್ ವಿಚ್’, ‘ಫಾರ್ ವಿಚ್’ ಮುಂತಾದೆಡೆ ವಿಚ್ ಬದಲು ದಟ್ ಬರಲಾರದು. ಅಲ್ಲಿ ಅರ್ಥವನ್ನು ನಿರ್ಣಯಿಸುವುದು ಅಲ್ಪವಿರಾಮವೊಂದೇ.

ಕನ್ನಡದೊಡನೆ ಹೋಲಿಕೆ

ಕನ್ನಡದಲ್ಲಿ ಇಂತಹ ವಿವರಣೆಯು ಸಾಮಾನ್ಯವಾಗಿ ಕೃದಂತರೂಪದಲ್ಲಿ ನಾಮಪದದ ಹಿಂದೆಯೇ ಬರುತ್ತದೆ. “ವಾರಂಟಿ ಇರುವ ಪಂಪುಗಳು” ಎಂಬಲ್ಲಿ ಕೆಲವೇ ಪಂಪುಗಳೋ ಎಲ್ಲವೋ ಎಂಬುದನ್ನು ಯಾವ ಚಿಹ್ನೆಯೂ ಸೂಚಿಸದು. “ಮಾತ್ರ” ಅಥವಾ “ಎಲ್ಲ” ಎಂಬ ಪದವನ್ನು ಸೇರಿಸಿ ಅರ್ಥವನ್ನು ಸ್ಪಷ್ಟಗೊಳಿಸಲಾಗುತ್ತದೆ. ಇಂಗ್ಲಿಷಿನಲ್ಲಿ ಈ ಕೆಲಸವನ್ನು ಅಲ್ಪವಿರಾಮ ನಿರ್ವಹಿಸುತ್ತದೆ.