ಬೆಟ್ಟಿಂಗ್ ಆ್ಯಪ್: ವಯಸ್ಸು ಕೇಳುವುದು ಹಣ ವಾಪಸ್ ಕೊಡುವಾಗ

‘ಸರ್ಕಾರ ನಿಷೇಧ ಮಾಡಿದೆಯಲ್ಲ, ಇನ್ನೇನು ಭಯ’ ಎಂದು ನಂಬಿರುವ ಅಪ್ಪ-ಅಮ್ಮಂದಿರು ಬಹಳ ಮಂದಿ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನೂ ಅವುಗಳ ಜಾಹೀರಾತನ್ನೂ ನಿಷೇಧಿಸಿರುವುದು ನಿಜ. ಆದರೆ ವಿದೇಶದಲ್ಲಿ ಕೂತು ನಡೆಸುವವರು ನಿಂತಿಲ್ಲ. ಟೆಲಿಗ್ರಾಂ ಗುಂಪಿನಲ್ಲಿ ಒಂದು ಲಿಂಕ್ ಬರುತ್ತದೆ, ಇಲ್ಲವೇ ವಾಟ್ಸ್‌ಆ್ಯಪ್‌ನಲ್ಲಿ ಏಜೆಂಟ್ ‘ಐಡಿ’ ಕೊಡುತ್ತಾನೆ. ಹಣ ಯಾರದೋ ಹೆಸರಿನ ಯುಪಿಐ ಖಾತೆಗೆ ಹೋಗುತ್ತದೆ.

‘ಹದಿನೆಂಟು ಆಗದವರನ್ನು ಒಳಗೆ ಬಿಡುವುದಿಲ್ಲ’ ಎಂಬುದು ಎರಡನೆಯ ತಪ್ಪು ನಂಬಿಕೆ. ಇಂಥ ಕಡೆ ‘ನನಗೆ 18 ತುಂಬಿದೆ’ ಎಂದು ಒತ್ತಿದರೆ ಸಾಮಾನ್ಯವಾಗಿ ಬಾಗಿಲು ತೆರೆಯುತ್ತದೆ. ಪಿಯುಸಿ ಓದುವ ಹುಡುಗನೊಬ್ಬ 500 ರೂಪಾಯಿ ಕಟ್ಟಿದ ಎನ್ನಿ. ಕಟ್ಟುವಾಗ ಯಾರೂ ದಾಖಲೆ ಕೇಳುವುದಿಲ್ಲ. ಪರದೆಯಲ್ಲಿ ಅದು 4,000 ಆಗಿ, ವಾಪಸ್ ಕೇಳಿದಾಗ ಮಾತ್ರ ವಯಸ್ಸು ತೋರಿಸಲು ಪ್ಯಾನ್, ಆಧಾರ್ ಬೇಕೆನ್ನುತ್ತಾರೆ. ಕೆಲವರು ‘ಮೊದಲು ತೆರಿಗೆ ಕಟ್ಟು’ ಎಂದು ಇನ್ನಷ್ಟು ಹಣ ಕೇಳುತ್ತಾರೆ. ಆಗ ಹುಡುಗ ಅಪ್ಪನ ಪ್ಯಾನ್ ಕಾರ್ಡಿನ ಫೋಟೊ ಹುಡುಕುತ್ತಾನೆ, ಇಲ್ಲವೇ ಗೆಳೆಯರ ಹತ್ತಿರ ಸಾಲ ಮಾಡುತ್ತಾನೆ. ವಯಸ್ಸಿನ ತಪಾಸಣೆ ಇಲ್ಲಿ ಮಗುವಿನ ರಕ್ಷಣೆಗಲ್ಲ, ಹಣ ಕೊಡದಿರಲು ಒಂದು ನೆಪ.

ಪೇರೆಂಟಲ್ ಕಂಟ್ರೋಲ್ ಹಾಕಿದರೆ ಸಾಕೇ? ಅರ್ಧ ಕೆಲಸ ಆಗುತ್ತದೆ. ಗೂಗಲ್‌ನ ಫ್ಯಾಮಿಲಿ ಲಿಂಕ್‌ನಲ್ಲಿ ಪ್ಲೇ ಸ್ಟೋರ್ ಆ್ಯಪ್‌ಗೆ ನಿಮ್ಮ ಒಪ್ಪಿಗೆ ಬೇಕೆಂದು ಮಾಡಬಹುದು. ಆದರೆ ಬೆಟ್ಟಿಂಗ್ ಆ್ಯಪ್‌ಗಳು ಹೆಚ್ಚಾಗಿ ಅಲ್ಲಿಂದ ಬರುವುದೇ ಇಲ್ಲ. ಹೊರಗಿನ ಮೂಲದಿಂದ ಆ್ಯಪ್ ಹಾಕುವ ಅನುಮತಿಯನ್ನೂ ಮುಚ್ಚಬೇಕು. ಬ್ರೌಸರ್‌ನಲ್ಲೇ ಆಡುವವರಿಗೆ ಅದೂ ತಡೆಯಲ್ಲ. ಗೆಳೆಯನ ಫೋನಿಗಂತೂ ನಿಮ್ಮ ಬೀಗ ತಲುಪುವುದಿಲ್ಲ. ಅದಕ್ಕಿಂತ ಹಣದ ಜಾಡು ಹೆಚ್ಚು ಹೇಳುತ್ತದೆ: ಗುರುತಿಲ್ಲದ ಹೆಸರುಗಳಿಗೆ 200, 500ರಂತೆ ಮತ್ತೆ ಮತ್ತೆ ಹೋದ ಯುಪಿಐ ಪಾವತಿ, ಅದೂ ಪಂದ್ಯದ ಸಂಜೆಗಳಲ್ಲಿ. ನಿಮ್ಮ ಯುಪಿಐ ಪಿನ್ ಮಗನಿಗೆ ಗೊತ್ತಿದ್ದರೆ ಇಂದೇ ಬದಲಿಸಿ.

ಫೋನ್ ಕಿತ್ತುಕೊಂಡರೆ ಮಗ ಚಟ ಬಿಡುತ್ತಾನೆ ಎಂಬುದೂ ಸುಳ್ಳು. ಸಾಲ ಉಳಿದಿರುತ್ತದೆ, ಅದನ್ನು ತೀರಿಸಲು ಅವನು ಮತ್ತೆ ಆಡುತ್ತಾನೆ. ಹಾಗಾಗಿ ಮಾತು ಸಾಲದಿಂದ ಶುರುವಾಗಲಿ: ‘ಯಾರಿಗೆ ಎಷ್ಟು ಕೊಡಬೇಕು ಹೇಳಪ್ಪ, ಬೈಯುವುದಿಲ್ಲ.’ 2025ರ ಆ ಕಾಯ್ದೆಯಲ್ಲಿ ಆಡಿದವನಿಗೆ ಶಿಕ್ಷೆಯಿಲ್ಲ ಎಂಬುದನ್ನೂ ತಿಳಿಸಿ, ಪೊಲೀಸರ ಹೆದರಿಕೆಯಿಂದ ಬಾಯಿ ಕಟ್ಟಿದ್ದರೆ ಬಿಚ್ಚುತ್ತದೆ. ಗೆಳೆಯರ ಸಾಲವನ್ನು ಅವನ ಕೈಗೆ ಹಣ ಕೊಡದೆ ನೀವೇ ತೀರಿಸಿ. ಏಜೆಂಟ್‌ಗೆ ಒಂದು ರೂಪಾಯಿಯೂ ಬೇಡ. ಇನ್ನೊಂದು ಪ್ರಶ್ನೆ ಮರೆಯಬೇಡಿ: ‘ನಿನ್ನ ಬ್ಯಾಂಕ್ ಖಾತೆಯನ್ನು ಯಾರಿಗಾದರೂ ಬಳಸಲು ಕೊಟ್ಟಿದ್ದೀಯಾ?’ ಕೊಟ್ಟಿದ್ದರೆ ತಕ್ಷಣ ಬ್ಯಾಂಕಿಗೆ ತಿಳಿಸಿ, ಆ ಖಾತೆಯಲ್ಲಿ ಬೇರೆಯವರ ಮೋಸದ ಹಣ ಓಡಾಡಿರಬಹುದು.

ವಂಚನೆಯಾಗಿದ್ದರೆ ಸ್ಕ್ರೀನ್‌ಶಾಟ್‌ಗಳನ್ನು ಅಳಿಸದೆ 1930ಕ್ಕೆ ಕರೆ ಮಾಡಿ. ಚಟ ಬಿಡಬೇಕೆಂದರೂ ಬಿಡಲಾಗದಿದ್ದರೆ ಟೆಲಿ ಮಾನಸ್ 14416 ಇದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಂತ್ರಜ್ಞಾನದ ಅತಿಬಳಕೆಗೆಂದೇ ‘ಶಟ್’ ಕ್ಲಿನಿಕ್ ಇದೆ.